ನಸುಕಿನ ಹಾಡಿಗೆ ಬೆಳಕು ಕಾರಣವೋ, ಜಾಗದ ಪೈಪೋಟಿ ಕಾರಣವೋ?

2025ರಲ್ಲಿ ಹಕ್ಕಿಗಳ ಹಾಡಿನ ಬಗ್ಗೆ ಎರಡು ದೊಡ್ಡ ಸುದ್ದಿ ಬಂದವು. ಎರಡನ್ನೂ ಓದಿದವರು ಗೊಂದಲಕ್ಕೆ ಬಿದ್ದಿದ್ದರೆ ಅದು ಅವರ ತಪ್ಪಲ್ಲ.

ಮೊದಲನೆಯದು ನಮ್ಮ ಪಶ್ಚಿಮ ಘಟ್ಟದ್ದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೀವಧ್ವನಿ ಕೇಂದ್ರದ ವಿಜಯ್ ರಮೇಶ್ ಮತ್ತು ಭಾರತದ ಪ್ರಾಜೆಕ್ಟ್ ಧ್ವನಿ ಎಂಬ ಸಂಶೋಧನಾ ಗುಂಪಿನ ಸಂಗಡಿಗರು 43 ಕಡೆ ಧ್ವನಿ ದಾಖಲಿಸುವ ಯಂತ್ರಗಳನ್ನಿಟ್ಟು 69 ಪ್ರಭೇದದ ಹಕ್ಕಿಗಳ ದನಿಯನ್ನು ಅಳೆದರು. ನಸುಕಿನಲ್ಲಿ ಯಾರು ಜಾಸ್ತಿ ಹಾಡುತ್ತಾರೆ ಅನ್ನೋದನ್ನು ಬೆಳಕಿನಂಥ ಪರಿಸರದ ಅಂಶಗಳು ಅಷ್ಟಾಗಿ ವಿವರಿಸುವುದಿಲ್ಲ, ಜಾಗಕ್ಕಾಗಿ ಹೋರಾಡುವ ಸ್ವಭಾವ ಮತ್ತು ಆಹಾರದ ರೀತಿ ಹೆಚ್ಚು ವಿವರಿಸುತ್ತವೆ ಎಂದು ಅವರು ಹೇಳಿದರು.

ಎರಡನೆಯದು ಅದೇ ವರ್ಷ ಆಗಸ್ಟ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿತು. ಅಮೆರಿಕದ ಬ್ರೆಂಟ್ ಪೀಸ್ ಮತ್ತು ನೀಲ್ ಗಿಲ್ಬರ್ಟ್ 500ಕ್ಕೂ ಹೆಚ್ಚು ಪ್ರಭೇದಗಳ ಲಕ್ಷಾಂತರ ಧ್ವನಿ ದಾಖಲೆಗಳನ್ನು ನೋಡಿ, ರಾತ್ರಿ ದೀಪಗಳಿಂದ ಬೆಳಗುವ ಊರುಗಳಲ್ಲಿ ಹಕ್ಕಿಗಳು ದಿನವೂ ಹಾಡುವ ಅವಧಿ ಸರಾಸರಿ 50 ನಿಮಿಷದಷ್ಟು ಹೆಚ್ಚಾಗಿದೆ ಎಂದರು.

ಹಾಗಾದರೆ ಬೆಳಕು ಮುಖ್ಯವೋ ಅಲ್ಲವೋ? ಒಬ್ಬರು ಅಲ್ಲ ಅಂದಂತಿದೆ, ಇನ್ನೊಬ್ಬರು ಹೌದು ಅಂದಂತಿದೆ. ನಿಜ ಹೇಳಬೇಕೆಂದರೆ ಇವರಿಬ್ಬರೂ ಜಗಳವಾಡುತ್ತಿಲ್ಲ. ಒಬ್ಬರು ಕೇಳಿದ್ದು ಹಕ್ಕಿ ನಸುಕಿನಲ್ಲಿ ಯಾಕೆ ಅಷ್ಟು ಹಾಡುತ್ತದೆ ಅಂತ. ಇನ್ನೊಬ್ಬರು ಕೇಳಿದ್ದು ಯಾವಾಗ ಶುರು ಮಾಡಿ ಯಾವಾಗ ನಿಲ್ಲಿಸುತ್ತದೆ ಅಂತ. ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ಗೊಂದಲದ ಮುಕ್ಕಾಲು ಪಾಲು ಹೋಗುತ್ತದೆ.

ಯಾವಾಗ ಶುರು ಮಾಡಬೇಕು ಅನ್ನೋದು ಬೆಳಕಿನ ಕೈಯಲ್ಲಿ

ಹಕ್ಕಿಗಳು ನಸುಕಿನಲ್ಲಿ ಒಟ್ಟಿಗೆ ಹಾಡು ಶುರು ಮಾಡುವುದಿಲ್ಲ. ಒಂದಾದ ಮೇಲೆ ಒಂದು ಸೇರಿಕೊಳ್ಳುತ್ತವೆ, ಮತ್ತು ಒಂದೇ ಊರಿನಲ್ಲಿ ಈ ಸರದಿ ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ. ಇದರ ಹಿಂದೆ ಕಣ್ಣಿನ ಗಾತ್ರವಿದೆ. ದೇಹಕ್ಕೆ ಹೋಲಿಸಿದರೆ ದೊಡ್ಡ ಕಣ್ಣಿರುವ ಹಕ್ಕಿಗಳು ಮಂದ ಬೆಳಕಿನಲ್ಲೂ ನೋಡಬಲ್ಲವು, ಆದ್ದರಿಂದ ಬೇಗ ಶುರು ಮಾಡುತ್ತವೆ. ಇದನ್ನು 2002ರಲ್ಲಿ ಯುರೋಪಿನ ಹಕ್ಕಿಗಳಲ್ಲಿ ತೋರಿಸಲಾಯಿತು. ಆಮೇಲೆ ಈಕ್ವೆಡಾರ್‌ನ ಮಳೆಕಾಡಿನಲ್ಲೂ ಇದೇ ಕಂಡಿತು. ಅಲ್ಲಿ ಇನ್ನೊಂದು ವಿಷಯವೂ ಸೇರಿತು: ಮರದ ತುದಿಯಲ್ಲಿ ಮೇಯುವ ಹಕ್ಕಿಗಳು ಮೊದಲು ಹಾಡುತ್ತವೆ, ಕಾಡಿನ ನೆಲದ ಹತ್ತಿರ ಇರುವವು ಆಮೇಲೆ. ಬೆಳಕು ಮೊದಲು ಬರುವುದು ಮೇಲಕ್ಕೇ ಅಲ್ವಾ? ಮೋಡ ಮುಚ್ಚಿದ ಬೆಳಗ್ಗೆ ಹಾಡು ತಡವಾಗಿ ಶುರುವಾಗುವುದಕ್ಕೂ ಇದೇ ಕಾರಣ.

ಆದರೆ ಹಕ್ಕಿ ಎಚ್ಚರವಾಗುವುದಕ್ಕೆ ಬೆಳಕು ಬೇಕೇ ಬೇಕು ಅಂತಿಲ್ಲ. ದೇಹದೊಳಗಿನ ಗಡಿಯಾರ ಅದನ್ನು ಕತ್ತಲಲ್ಲೇ ಎಬ್ಬಿಸುತ್ತದೆ. 2025ರಲ್ಲೇ ಕೊರಿಯಾದ ಸಂಶೋಧಕರು ಝೀಬ್ರಾ ಫಿಂಚ್ ಎಂಬ ಪುಟ್ಟ ಆಸ್ಟ್ರೇಲಿಯನ್ ಹಕ್ಕಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೋಣೆಯ ದೀಪವನ್ನು ಮಾಮೂಲಿಗಿಂತ ಕೆಲವು ಗಂಟೆ ತಡವಾಗಿ ಹಾಕಿದರು. ಹಕ್ಕಿಗಳು ಅಷ್ಟರಲ್ಲಿ ಎದ್ದು ಕತ್ತಲಲ್ಲೇ ಓಡಾಡುತ್ತಿದ್ದವು, ಆದರೆ ಹಾಡುತ್ತಿರಲಿಲ್ಲ. ದೀಪ ಹತ್ತಿದ ಕೂಡಲೇ ಒಂದೇ ಸಮನೆ ಹಾಡತೊಡಗಿದವು, ಮಾಮೂಲಿ ದಿನಕ್ಕಿಂತ ಜಾಸ್ತಿ. ದೀಪವನ್ನು ಬೇಗ ಹಾಕಿದಾಗ ಆ ಜೋರು ಇರಲಿಲ್ಲ.

ಅಂದರೆ ಹಾಡುವ ಒತ್ತಡ ಒಳಗೆ ಆಗಲೇ ತುಂಬಿಕೊಂಡಿರುತ್ತದೆ, ಕತ್ತಲು ಅದನ್ನು ತಡೆಹಿಡಿದಿರುತ್ತದೆ, ಬೆಳಕು ಬಂದಾಗ ತಡೆ ತೆಗೆದಂತಾಗುತ್ತದೆ. ನಸುಕಿನ ಹಾಡು ಯಾಕೆ ಅಷ್ಟು ಬಿರುಸಾಗಿರುತ್ತದೆ ಅನ್ನೋದಕ್ಕೆ ದೇಹದ ಮಟ್ಟದಲ್ಲಿ ಇದು ಒಳ್ಳೆಯ ವಿವರಣೆ. ಆದರೆ ಆ ಒತ್ತಡ ಇರಲೇಬೇಕಾದ ಅಗತ್ಯ ಏನು, ಹಾಗೆ ಹಾಡಿ ಹಕ್ಕಿಗೆ ಸಿಗುವ ಲಾಭ ಏನು ಅನ್ನೋದಕ್ಕೆ ಇದರಲ್ಲಿ ಪೂರ್ತಿ ಉತ್ತರ ಇಲ್ಲ. ಆ ಲಾಭದ ಬಗ್ಗೆಯೇ ದಶಕಗಳಿಂದ ವಾದ ನಡೆಯುತ್ತಿದೆ.

ದನಿ ದೂರ ಹೋಗುತ್ತದೆ ಅನ್ನುವ ವಾದ

ಬಹಳ ಜನ ಇದನ್ನು ಕೇಳಿರುತ್ತಾರೆ. ನಸುಕಿನಲ್ಲಿ ಗಾಳಿ ಕಡಿಮೆ, ಬೇರೆ ಸದ್ದು ಕಡಿಮೆ, ನೆಲದ ಹತ್ತಿರದ ಗಾಳಿ ತಂಪು. ಹಾಗಾಗಿ ಹಾಡು ದೂರ ಹೋಗುತ್ತದೆ ಅನ್ನುತ್ತಾರೆ. 1979ರಲ್ಲಿ ಇಬ್ಬರು ಸಂಶೋಧಕರು ಲೆಕ್ಕ ಹಾಕಿ, ನಡುಮಧ್ಯಾಹ್ನಕ್ಕಿಂತ ನಸುಕಿನ ಹಾಡು 20 ಪಟ್ಟು ಹೆಚ್ಚು ಪರಿಣಾಮಕಾರಿ ಆಗಬಹುದು ಎಂದಿದ್ದರು. ಆ ಅಂಕಿ ಇವತ್ತಿಗೂ ಎಲ್ಲ ಕಡೆ ಓಡಾಡುತ್ತಿದೆ.

ಆಮೇಲೆ ಕಾಡಿನಲ್ಲಿ ಸ್ಪೀಕರ್ ಮತ್ತು ಮೈಕ್ ಇಟ್ಟು ಅಳೆದಾಗ ಚಿತ್ರ ಬದಲಾಯಿತು. ಯುರೋಪಿನ ಬ್ಲ್ಯಾಕ್‌ಕ್ಯಾಪ್ ಹಕ್ಕಿಯ ಹಾಡನ್ನು ಬೇರೆ ಬೇರೆ ಹೊತ್ತಿನಲ್ಲಿ ನುಡಿಸಿ ನೋಡಿದಾಗ, ನಸುಕಿನಲ್ಲಿ ಅದು ವಿಶೇಷವಾಗಿ ಚೆನ್ನಾಗಿ ಹೋಗುತ್ತದೆ ಅನ್ನೋದಕ್ಕೆ ಬೆಂಬಲ ಸಿಗಲಿಲ್ಲ. ಕೆನಡಾದಲ್ಲಿ ನಡೆದ ಇನ್ನೊಂದು ಪರೀಕ್ಷೆ ಹೆಚ್ಚು ಕುತೂಹಲದ್ದು. ಅಲ್ಲಿ ನಸುಕಿನಲ್ಲಿ ಹಾಡು ಹೆಚ್ಚು ದೂರ ಹೋಗಲಿಲ್ಲ, ಆದರೆ ಪ್ರತಿ ಸಲವೂ ಹೆಚ್ಚುಕಮ್ಮಿ ಒಂದೇ ರೀತಿ ತಲುಪಿತು. ಮಧ್ಯಾಹ್ನ ಗಾಳಿ ಸುಳಿದಾಡುವುದರಿಂದ ಅದೇ ಹಾಡು ಒಮ್ಮೆ ಸರಿಯಾಗಿ ತಲುಪಿ ಇನ್ನೊಮ್ಮೆ ಕೆಡುತ್ತಿತ್ತು.

ಈ ವ್ಯತ್ಯಾಸ ಸಣ್ಣದಲ್ಲ. ಹಾಡುತ್ತಿರುವವನು ಯಾರು ಅಂತ ಕೇಳುವವನಿಗೆ ಗೊತ್ತಾಗಬೇಕಾದರೆ ದೂರಕ್ಕಿಂತ ಸ್ಪಷ್ಟತೆ ಮುಖ್ಯ. ಪಕ್ಕದ ಗಂಡು ನಿನ್ನೆಯವನೇ ಹೌದೋ ಅಲ್ಲವೋ ಎಂದು ದನಿಯಿಂದಲೇ ಗುರುತಿಸುವ ಹಕ್ಕಿಗಳಿವೆ. ಅವಕ್ಕೆ ನಸುಕಿನ ಸ್ಥಿರ ಗಾಳಿ ಉಪಯೋಗಕ್ಕೆ ಬರುತ್ತದೆ.

ಬೆಳಕು, ಗಾಳಿಯಂಥ ಪರಿಸರವೇ ಕಾರಣ ಅನ್ನುವ ಇಂಥ ವಾದಗಳಿಗೆ ಪಶ್ಚಿಮ ಘಟ್ಟದ ಅಧ್ಯಯನ ಇನ್ನೊಂದು ಕಡೆಯಿಂದ ಏಟು ಕೊಟ್ಟಿದೆ. ಅವರು ನಸುಕನ್ನು ಮುಸ್ಸಂಜೆಯ ಜೊತೆ ಹೋಲಿಸಿದರು. ಇದು ಜಾಣ ಹೋಲಿಕೆ, ಯಾಕೆಂದರೆ ಎರಡೂ ಹೊತ್ತಿನಲ್ಲಿ ಬೆಳಕು ಮಂದವಾಗಿರುತ್ತದೆ. ಬರೀ ಮಂದ ಬೆಳಕೇ ಕಾರಣವಾಗಿದ್ದರೆ ಸಂಜೆಯೂ ಅಷ್ಟೇ ಜೋರಾಗಿ ಹಾಡಬೇಕಿತ್ತು. ಹಾಗಾಗಲಿಲ್ಲ. 20 ಪ್ರಭೇದಗಳು ಸಂಜೆಗಿಂತ ನಸುಕಿನಲ್ಲಿ ಸ್ಪಷ್ಟವಾಗಿ ಜಾಸ್ತಿ ಹಾಡಿದವು. ನಮ್ಮ ಮಲೆನಾಡಿನವರು ಭೀಮರಾಜ ಎಂದು ಕರೆಯುವ ಉದ್ದ ಬಾಲದ ಕಾಜಾಣ ಆ ಗುಂಪಿನಲ್ಲಿದೆ. ಸಂಜೆಯಲ್ಲಿ ಇಲ್ಲದ ಏನೋ ಒಂದು ನಸುಕಿನಲ್ಲಿದೆ ಅಂತಾಯಿತು.

ಮಾಡಲು ಬೇರೆ ಕೆಲಸ ಇಲ್ಲ ಅನ್ನುವ ವಾದ

ಇನ್ನೊಂದು ವಾದ ಹೊಟ್ಟೆಗೆ ಸಂಬಂಧಿಸಿದ್ದು. ನಸುಕಿನಲ್ಲಿ ಹುಳು ಹುಡುಕಲು ಬೆಳಕು ಸಾಲದು, ಹುಳುಗಳೂ ತಣ್ಣಗೆ ಕದಲದೆ ಇರುತ್ತವೆ, ಹಾಗಾಗಿ ಆ ಹೊತ್ತನ್ನು ಹಾಡಿಗೆ ಬಳಸಿದರೆ ನಷ್ಟವಿಲ್ಲ ಎಂಬುದು ಇದರ ತಿರುಳು. ಇದರ ಜೊತೆ ಇನ್ನೊಂದು ಲೆಕ್ಕವಿದೆ. ರಾತ್ರಿ ಎಷ್ಟು ಚಳಿ ಆಗುತ್ತದೋ ಹಕ್ಕಿಗೆ ಮೊದಲೇ ಗೊತ್ತಿರುವುದಿಲ್ಲ. ಆದ್ದರಿಂದ ಸಂಜೆಯೇ ಸ್ವಲ್ಪ ಹೆಚ್ಚು ಕೊಬ್ಬು ಕೂಡಿಟ್ಟುಕೊಂಡು ಮಲಗುತ್ತದೆ. ರಾತ್ರಿ ಅಷ್ಟೇನೂ ಚಳಿ ಆಗದಿದ್ದರೆ ಬೆಳಗ್ಗೆ ಸ್ವಲ್ಪ ಶಕ್ತಿ ಉಳಿದಿರುತ್ತದೆ. ಅದನ್ನು ಹಾಡಿಗೆ ಖರ್ಚು ಮಾಡಬಹುದು.

ಈ ಲೆಕ್ಕ ನನಗೆ ಇಷ್ಟವಾಗಲು ಕಾರಣ, ಇದರಿಂದ ಹಾಡು ಒಂದು ಪುರಾವೆಯಾಗುತ್ತದೆ. ಹಸಿದ, ಸೊರಗಿದ ಗಂಡು ನಸುಕಿನಲ್ಲಿ ಅರ್ಧ ಗಂಟೆ ಬಿಡದೆ ಹಾಡಲಾರದು. ಹಾಡಿದವನು ರಾತ್ರಿಯನ್ನು ಚೆನ್ನಾಗಿ ಕಳೆದವನು, ಅಂದರೆ ನಿನ್ನೆ ಚೆನ್ನಾಗಿ ತಿಂದವನು, ಅಂದರೆ ಒಳ್ಳೆಯ ಜಾಗ ಹಿಡಿದವನು.

ಪರೀಕ್ಷೆಗಳು ಪೂರ್ತಿ ಒಂದೇ ಕಡೆ ವಾಲಿಲ್ಲ ಅನ್ನೋದನ್ನೂ ಹೇಳಬೇಕು. 1990ರಲ್ಲಿ ಬ್ರಿಟನ್ನಿನ ಬ್ಲ್ಯಾಕ್‌ಬರ್ಡ್‌ಗಳಿಗೆ ಹೆಚ್ಚು ಆಹಾರ ಕೊಟ್ಟಾಗ ಅವು ಬೇಗ ಶುರು ಮಾಡಿ ಜಾಸ್ತಿ ಹಾಡಿದವು. ಆದರೆ 2011ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ನಿರಂತರವಾಗಿ ಆಹಾರ ಸಿಕ್ಕ ಗ್ರೇಟ್ ಟಿಟ್ ಗಂಡುಗಳು ತಡವಾಗಿ ಶುರು ಮಾಡಿದವು. ಶಕ್ತಿ ಹಾಡಿಗೆ ಬೇಕು ಅನ್ನೋದು ನಿಜ, ಆದರೆ ಶಕ್ತಿ ಇದೆ ಅಂತಲೇ ಹಾಡುತ್ತವೆ ಅನ್ನೋದು ಪೂರ್ತಿ ನಿಲ್ಲುವುದಿಲ್ಲ. ಕೇಳುವವರು ಯಾರು ಅಂತ ನೋಡದೆ ಈ ಪ್ರಶ್ನೆ ಬಗೆಹರಿಯುವುದಿಲ್ಲ.

ಒಂದು ಹಕ್ಕಿಯನ್ನು ಪೂರ್ತಿ ನೋಡೋಣ

ನಸುಕಿನ ಹಾಡಿನ ಬಗ್ಗೆ ಚೆನ್ನಾಗಿ ಗೊತ್ತಿರುವ ಹಕ್ಕಿಗಳಲ್ಲಿ ಮೊದಲ ಸಾಲಿನದು ಈ ಗ್ರೇಟ್ ಟಿಟ್. ಗುಬ್ಬಿಗಿಂತ ಸ್ವಲ್ಪ ಸಣ್ಣದು, ಕಪ್ಪು ತಲೆ, ಬಿಳಿ ಕೆನ್ನೆ, ಹಳದಿ ಹೊಟ್ಟೆ. ಇದರ ಬೂದುಬಣ್ಣದ ಹತ್ತಿರದ ಸಂಬಂಧಿ ನಮ್ಮ ಕರ್ನಾಟಕದಲ್ಲೂ ಇದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಕ್ಕದ ವೈಥಮ್ ಕಾಡಿನಲ್ಲಿ ಈ ಹಕ್ಕಿಯನ್ನು 1947ರಿಂದ ಬಿಡದೆ ಗಮನಿಸುತ್ತಾ ಬಂದಿದ್ದಾರೆ.

ಅಲ್ಲಿ ಜಾನ್ ಕ್ರೆಬ್ಸ್ 1970ರ ದಶಕದಲ್ಲಿ ಮಾಡಿದ ಪ್ರಯೋಗ ತುಂಬಾ ಸರಳ. ಕೆಲವು ಗಂಡುಗಳನ್ನು ಹಿಡಿದು ಅವುಗಳ ಜಾಗದಿಂದ ತೆಗೆದರು. ಖಾಲಿಯಾದ ಕೆಲವು ಜಾಗಗಳಲ್ಲಿ ಸ್ಪೀಕರ್ ಇಟ್ಟು ಗ್ರೇಟ್ ಟಿಟ್ ಹಾಡನ್ನೇ ನುಡಿಸಿದರು. ಕೆಲವು ಕಡೆ ಸ್ಪೀಕರ್‌ನಿಂದ ಬರೀ ಒಂದು ಪೀಪಿಯ ಸ್ವರ ಬರುತ್ತಿತ್ತು. ಇನ್ನು ಕೆಲವನ್ನು ಸುಮ್ನೆ ಬಿಟ್ಟರು. ಪೀಪಿಯ ಸ್ವರ ಯಾಕೆ ಬೇಕಿತ್ತು? ಹಕ್ಕಿಗಳು ದೂರ ಉಳಿದರೆ, ಅದು ಹಾಡಿನ ಅರ್ಥಕ್ಕಾಗಿಯೋ ಅಥವಾ ಯಾವುದೋ ವಿಚಿತ್ರ ಸದ್ದಿಗೆ ಹೆದರಿಯೋ ಅಂತ ತಿಳಿಯಬೇಕಿತ್ತು.

ಮೌನವಾಗಿದ್ದ ಜಾಗಗಳು ಮತ್ತು ಪೀಪಿಯ ಜಾಗಗಳು ಬೇಗ ಹೊಸ ಗಂಡುಗಳ ಪಾಲಾದವು. ಹಾಡು ಕೇಳುತ್ತಿದ್ದ ಜಾಗಗಳಿಗೆ ಹೊಸಬರು ಬರಲು ಹೆಚ್ಚು ಹೊತ್ತು ಹಿಡಿಯಿತು. ಹಕ್ಕಿಯೇ ಇಲ್ಲ, ಬರೀ ದನಿ ಇದೆ, ಆದರೂ ಜಾಗ ಸ್ವಲ್ಪ ಕಾಲ ಉಳಿಯಿತು. ಕೊನೆಗೆ ಅಲ್ಲಿಗೂ ಬಂದೇ ಬಂದರು, ಯಾಕೆಂದರೆ ದನಿಯ ಹಿಂದೆ ಕಾದಾಡುವ ಹಕ್ಕಿ ಇಲ್ಲದಿದ್ದರೆ ಬೆದರಿಕೆ ಹೆಚ್ಚು ದಿನ ನಡೆಯುವುದಿಲ್ಲ.

ಈಗ ಇದನ್ನು ನಸುಕಿಗೆ ಜೋಡಿಸಿ ನೋಡಿ. ಪುಟ್ಟ ಹಕ್ಕಿಗೆ ರಾತ್ರಿ ಅಪಾಯದ ಹೊತ್ತು. ಚಳಿಯಿಂದ ಸಾಯಬಹುದು, ಗೂಬೆಗೆ ಸಿಗಬಹುದು. ಆದ್ದರಿಂದ ಪ್ರತಿ ಬೆಳಗ್ಗೆ ಕಾಡಿನಲ್ಲಿ ಕೆಲವು ಜಾಗಗಳು ಹೊಸದಾಗಿ ಖಾಲಿಯಾಗಿರುವ ಸಾಧ್ಯತೆ ಇದೆ. ಸ್ವಂತ ಜಾಗವಿಲ್ಲದ ಅಥವಾ ಕಳಪೆ ಜಾಗದಲ್ಲಿರುವ ಗಂಡುಗಳು ಅದನ್ನೇ ಕಾಯುತ್ತಿರುತ್ತವೆ. ವೈಥಮ್‌ನಲ್ಲಿ ಕಾಡಿನೊಳಗೆ ಜಾಗ ಖಾಲಿಯಾದಾಗ ಹೊಲದ ಬೇಲಿಸಾಲಿನಲ್ಲಿ ಗೂಡು ಹೂಡುತ್ತಿದ್ದ ಗಂಡುಗಳು ಬಂದು ಸೇರಿಕೊಂಡಿದ್ದವು. ಅಂಥವರು ಜಾಗ ಹುಡುಕಿ ಬರುವ ಹೊತ್ತಿನಲ್ಲೇ ಮಾಲೀಕ ಕೂಗಬೇಕು. ಶಾಲೆಯಲ್ಲಿ ಹಾಜರಿ ಕೂಗುವಾಗ ಓಗೊಡದವನ ಹೆಸರಿನ ಮುಂದೆ ಗೈರು ಬೀಳುವ ಹಾಗೆ, ನಸುಕಿನಲ್ಲಿ ಸುಮ್ಮನಿದ್ದವನ ಜಾಗ ಖಾಲಿ ಅಂತ ಲೆಕ್ಕಕ್ಕೆ ಬೀಳುತ್ತದೆ.

ಸಂಜೆಗೂ ನಸುಕಿಗೂ ಇರುವ ವ್ಯತ್ಯಾಸ ಇಲ್ಲಿದೆ. ಸಂಜೆ ಎಲ್ಲರಿಗೂ ಗೊತ್ತು ಇವನು ಇಡೀ ದಿನ ಇಲ್ಲೇ ಇದ್ದ ಅಂತ. ಬೆಳಗ್ಗೆ ಅದು ಯಾರಿಗೂ ಗೊತ್ತಿಲ್ಲ, ಮತ್ತೆ ಹೇಳಬೇಕು.

ಹೆಣ್ಣು ಗೂಡಿನೊಳಗೆ ಇರುವಾಗ

ಗ್ರೇಟ್ ಟಿಟ್ ಕಥೆ ಜಾಗಕ್ಕೆ ಮುಗಿಯುವುದಿಲ್ಲ. ರೂತ್ ಮೇಸ್ 1987ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಹೆಣ್ಣು ಮರದ ಪೊಟರೆಯಲ್ಲಿ ಮಲಗುತ್ತದೆ. ಮೊಟ್ಟೆಯಿಡುವ ದಿನಗಳಲ್ಲಿ ದಿನಕ್ಕೊಂದರಂತೆ, ನಸುಕಿನ ಹೊತ್ತಿಗೆ ಒಳಗೇ ಮೊಟ್ಟೆ ಇಡುತ್ತದೆ. ಗಂಡು ಗೂಡಿನ ಹತ್ತಿರ ಕೂತು ಕತ್ತಲಿರುವಾಗಲೇ ಹಾಡು ಶುರು ಮಾಡಿ, ಹೆಣ್ಣು ಹೊರಗೆ ಬರುವವರೆಗೆ ಹಾಡುತ್ತಲೇ ಇರುತ್ತದೆ. ಹೆಣ್ಣು ಹೊರಬಂದಾಗ ಹಾಡು ನಿಲ್ಲಿಸಿ ಅದರ ಹಿಂದೆ ಹೋಗುತ್ತದೆ, ಆಗಲೇ ಕೂಡುವುದೂ ಉಂಟು.

ಈ ಹೊತ್ತಿಗೆ ಯಾಕೆ ಇಷ್ಟು ಬೆಲೆ ಅಂದರೆ, ಹಕ್ಕಿಗಳಲ್ಲಿ ಒಂದು ಮೊಟ್ಟೆ ಇಟ್ಟ ಸ್ವಲ್ಪ ಹೊತ್ತಿಗೆ ಮುಂದಿನ ಮೊಟ್ಟೆ ಅಂಡಾಶಯದಿಂದ ಬಿಡುಗಡೆಯಾಗಿ ಫಲಿತವಾಗಬೇಕು. ಮರಿಯ ತಂದೆ ಯಾರಾಗಬೇಕು ಅನ್ನೋದು ನಿರ್ಧಾರವಾಗುವ ಹೊತ್ತುಗಳಲ್ಲಿ ಇದೂ ಒಂದು. ಪಕ್ಕದ ಗಂಡು ಹತ್ತಿರ ಸುಳಿಯದಂತೆ ನೋಡಿಕೊಳ್ಳಬೇಕು, ಒಳಗಿರುವ ಹೆಣ್ಣಿಗೂ ತಾನಿದ್ದೇನೆ ಅಂತ ತಿಳಿಸಬೇಕು. ಒಂದೇ ಹಾಡು ಎರಡೂ ಕೆಲಸ ಮಾಡುತ್ತದೆ. ಮೇಸ್ ನೋಡಿದಂತೆ ನಸುಕಿನ ಹಾಡು ಅತಿ ಜೋರಾಗಿದ್ದದ್ದು ಹೆಣ್ಣು ಫಲವತ್ತಾಗಿರುವ ದಿನಗಳಲ್ಲೇ. ಬರೀ ಬೆಳಕು, ಗಾಳಿ, ಚಳಿ ಕಾರಣವಾಗಿದ್ದರೆ ಅದು ಗೂಡಿನೊಳಗಿನ ದಿನಚರಿಗೆ ಇಷ್ಟು ಅಂಟಿಕೊಂಡಿರುತ್ತಿರಲಿಲ್ಲ.

ಹಾಗಂತ ಎಲ್ಲ ಹಕ್ಕಿಗಳಿಗೂ ಇದನ್ನೇ ಅನ್ವಯಿಸಬಾರದು. ನೈಟಿಂಗೇಲ್ ಇದಕ್ಕೆ ಒಳ್ಳೆಯ ಉದಾಹರಣೆ. ಯುರೋಪಿನ ಈ ಹಕ್ಕಿ ರಾತ್ರಿಯೂ ಹಾಡುತ್ತದೆ, ನಸುಕಿನಲ್ಲೂ ಹಾಡುತ್ತದೆ. ವ್ಯಾಲೆಂಟಿನ್ ಆಮ್ರೈನ್ ಮತ್ತು ಜೊತೆಗಾರರು ಹಕ್ಕಿಗಳಿಗೆ ಪುಟ್ಟ ರೇಡಿಯೋ ಕಟ್ಟಿ ಯಾರು ಯಾವಾಗ ಎಲ್ಲಿ ಹೋಗುತ್ತಾರೆ ಅಂತ ಹಿಂಬಾಲಿಸಿದರು. ಜೊತೆ ಹುಡುಕುವ ಹೆಣ್ಣುಗಳು ಓಡಾಡಿದ್ದು ನಡುರಾತ್ರಿಯಲ್ಲಿ. ಜಾಗ ಹುಡುಕುವ ಗಂಡುಗಳು ಬೇರೆಯವರ ಜಾಗಕ್ಕೆ ನುಗ್ಗಿದ್ದು ನಸುಕಿನಲ್ಲಿ. ಅಂದರೆ ಒಂದೇ ಗಂಡಿನ ರಾತ್ರಿಯ ಹಾಡಿಗೆ ಮುಖ್ಯ ಕೇಳುಗರು ಹೆಣ್ಣುಗಳು, ನಸುಕಿನ ಹಾಡಿಗೆ ಮುಖ್ಯ ಕೇಳುಗರು ಗಂಡುಗಳು. ಇಷ್ಟು ನಿಚ್ಚಳವಾಗಿ ಎರಡನ್ನೂ ಬೇರೆ ಮಾಡಿ ತೋರಿಸಿದ ಕೆಲಸ ಕಡಿಮೆ, ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ತುಂಬಾ ಬೆಲೆಯುಳ್ಳ ಸಾಕ್ಷ್ಯ ಇದು.

ಹಾಡುವುದು ಗಂಡು ಮಾತ್ರವಾ?

ಅಲ್ಲ. ಗಂಡು ಹಾಡುತ್ತದೆ, ಹೆಣ್ಣು ಕೇಳುತ್ತದೆ ಅನ್ನುವ ಮಾತು ಹೆಚ್ಚಾಗಿ ಯುರೋಪ್ ಮತ್ತು ಉತ್ತರ ಅಮೆರಿಕದ ಹಕ್ಕಿಗಳನ್ನು ನೋಡಿ ಬಂದದ್ದು. 2014ರಲ್ಲಿ ಪ್ರಪಂಚದ ಬೇರೆ ಬೇರೆ ಕಡೆಯ ಹಾಡುಹಕ್ಕಿಗಳನ್ನು ಪರಿಶೀಲಿಸಿದಾಗ, ಮಾಹಿತಿ ಸಿಕ್ಕ ಪ್ರಭೇದಗಳಲ್ಲಿ ಶೇ 71ರಲ್ಲಿ ಹೆಣ್ಣೂ ಹಾಡುತ್ತದೆ ಅಂತ ತಿಳಿಯಿತು. ಉಷ್ಣವಲಯದಲ್ಲಿ ಇದು ಜಾಸ್ತಿ, ಯಾಕೆಂದರೆ ಇಲ್ಲಿ ಬಹಳ ಹಕ್ಕಿಗಳು ವರ್ಷವಿಡೀ ಜೋಡಿಯಾಗಿ ಒಂದೇ ಜಾಗ ಕಾಯುತ್ತವೆ, ಕಾಯುವ ಕೆಲಸದಲ್ಲಿ ಹೆಣ್ಣಿಗೂ ಪಾಲಿದೆ. ಹಾಗಿದ್ದೂ ನಸುಕಿನಲ್ಲಿ ಎತ್ತರದ ಕೊಂಬೆಯಲ್ಲಿ ಕೂತು ಒಂದೇ ಸಮನೆ ಹಾಡುವ ರೂಢಿ ಬಹಳ ಪ್ರಭೇದಗಳಲ್ಲಿ ಗಂಡಿನದೇ. ನಮ್ಮ ಅಂಗಳದ ಮಡಿವಾಳ ಹಕ್ಕಿಯಲ್ಲೂ ಬೇಸಿಗೆಯ ನಸುಕಿನಲ್ಲಿ ಟಿವಿ ಆಂಟೆನಾ ಮೇಲೆ ಕೂತು ಹಾಡುವುದು ಹೆಚ್ಚಾಗಿ ಕಪ್ಪು-ಬಿಳಿ ಗಂಡೇ.

ಘಟ್ಟದ ಅಧ್ಯಯನದಲ್ಲಿ ಆಹಾರದ ವಿಷಯ ಬಂದಿತ್ತಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹುಳು, ಹಣ್ಣು, ಮಕರಂದ ಎಲ್ಲವನ್ನೂ ತಿನ್ನುವ ಹಕ್ಕಿಗಳು ನಸುಕಿನಲ್ಲಿ ಹೆಚ್ಚು ದನಿ ಮಾಡಿದವು. ಆಹಾರದ ಬಗ್ಗೆ, ಅಪಾಯದ ಬಗ್ಗೆ ಪರಸ್ಪರ ತಿಳಿಸಲು ಇರಬಹುದು ಅನ್ನೋದು ಒಂದು ಊಹೆ. ಇದು ಜಾಗ ಕಾಯುವ ವಿವರಣೆಯಷ್ಟು ಗಟ್ಟಿಯಾಗಿಲ್ಲ. ಆ ಅಧ್ಯಯನ ಪ್ರಭೇದ ಪ್ರಭೇದಗಳನ್ನು ಹೋಲಿಸಿದ್ದು, ಗಂಡನ್ನು ತೆಗೆದು ಸ್ಪೀಕರ್ ಇಟ್ಟು ಪರೀಕ್ಷಿಸಿದ್ದಲ್ಲ. ಹಾಗಾಗಿ ಅದು ತೋರಿಸುವುದು ಸಂಬಂಧವನ್ನು, ಕಾರಣವನ್ನು ಅಲ್ಲ.

ಬೀದಿದೀಪ ನಡುವೆ ಬಂದಾಗ

ಈಗ ಎರಡನೇ ಸುದ್ದಿಗೆ ವಾಪಸ್ ಬರೋಣ. 50 ನಿಮಿಷ ಅನ್ನೋದನ್ನು ಬಹಳ ಜನ ಹಕ್ಕಿಗಳು 50 ನಿಮಿಷ ಬೇಗ ಏಳುತ್ತಿವೆ ಅಂತ ಓದಿಕೊಂಡರು. ಹಾಗಲ್ಲ. ಬೆಳಗ್ಗೆ ಮುಂಚೆ ಬಂದದ್ದು ಸುಮಾರು 18 ನಿಮಿಷ, ಸಂಜೆ ತಡವಾದದ್ದು ಸುಮಾರು 32 ನಿಮಿಷ. ಹೆಚ್ಚಿನ ಭಾಗ ಸಂಜೆಯದು. ದೊಡ್ಡ ಕಣ್ಣಿನ ಹಕ್ಕಿಗಳಲ್ಲಿ ಮತ್ತು ಮುಚ್ಚಿಲ್ಲದ ತೆರೆದ ಗೂಡು ಕಟ್ಟುವ ಹಕ್ಕಿಗಳಲ್ಲಿ ಪರಿಣಾಮ ಜಾಸ್ತಿ ಇತ್ತು. ಇದು ಮೊದಲು ಹೇಳಿದ ಕಣ್ಣಿನ ವಿಷಯಕ್ಕೆ ಸರಿಯಾಗಿ ಹೊಂದುತ್ತದೆ. ಪೊಟರೆಯಲ್ಲಿ ಮಲಗುವ ಹಕ್ಕಿಗೆ ಬೀದಿದೀಪ ಅಷ್ಟಾಗಿ ಕಾಣುವುದೂ ಇಲ್ಲ.

ಬೇಗ ಎದ್ದರೆ ತೊಂದರೆ ಏನು ಅಂತ ಕೇಳಬಹುದು. ಇದಕ್ಕೆ ಉತ್ತರ ಬರೀ ನಿದ್ದೆಯಲ್ಲಿಲ್ಲ, ಹಾಡಿನ ಅರ್ಥದಲ್ಲಿದೆ. 2010ರಲ್ಲಿ ಬಾರ್ಟ್ ಕೆಂಪೆನರ್ಸ್ ತಂಡ ಆಸ್ಟ್ರಿಯಾದ ವಿಯೆನ್ನಾ ಹತ್ತಿರದ ಕಾಡಿನಲ್ಲಿ ಮಾಡಿದ ಕೆಲಸವನ್ನು ನೋಡಿ. ಕಾಡಿನ ಅಂಚಿನಲ್ಲಿ ಬೀದಿದೀಪ ಇರುವ ಕಡೆ ಮತ್ತು ಇಲ್ಲದ ಕಡೆ ಹಾಡನ್ನು ಹೋಲಿಸಿದಾಗ, 5ರಲ್ಲಿ 4 ಪ್ರಭೇದಗಳ ಗಂಡುಗಳು ದೀಪದ ಹತ್ತಿರ ಬೇಗ ಹಾಡಿದವು.

ಅವುಗಳಲ್ಲಿ ನೀಲಿ ತಲೆಯ ಬ್ಲೂ ಟಿಟ್ ಹಕ್ಕಿಯ ಮರಿಗಳ ತಂದೆ ಯಾರು ಅಂತಲೂ ಪರೀಕ್ಷೆ ಮಾಡಿದರು. ಈ ಹಕ್ಕಿಯಲ್ಲಿ ಹೆಣ್ಣು ತನ್ನ ಜೋಡಿಯಲ್ಲದ ಗಂಡಿನ ಜೊತೆಗೂ ಕೂಡುವುದುಂಟು. ಸಾಮಾನ್ಯವಾಗಿ ನಸುಕಿನಲ್ಲಿ ಬೇಗ ಹಾಡುವ ಗಂಡಿಗೆ ಇಂಥ ಅವಕಾಶ ಜಾಸ್ತಿ. ದೀಪದ ಹತ್ತಿರವಿದ್ದ ಗಂಡುಗಳಿಗೆ ಹೀಗೆ ಬೇರೆ ಜೋಡಿ ಸಿಗುವುದು ಸುಮಾರು ಎರಡು ಪಟ್ಟಾಗಿತ್ತು. ಹೆಣ್ಣುಗಳೂ ಸರಾಸರಿ ಒಂದೂವರೆ ದಿನ ಮುಂಚೆ ಮೊಟ್ಟೆ ಇಟ್ಟವು.

ತೊಂದರೆ ಎಲ್ಲಿ ಅಂದರೆ ಇಲ್ಲಿ. ಕತ್ತಲಿನ ಕಾಡಿನಲ್ಲಿ ಬೇಗ ಹಾಡು ಶುರು ಮಾಡುವುದು ಕಷ್ಟದ ಕೆಲಸ, ಅದಕ್ಕೆ ಶಕ್ತಿ ಬೇಕು, ಅನುಭವ ಬೇಕು. ಆದ್ದರಿಂದ ಹೆಣ್ಣು ಅದನ್ನು ನಂಬಬಹುದು. ದೀಪದ ಕಂಬದ ಪಕ್ಕದ ಗಂಡು ಬೇಗ ಹಾಡುವುದು ಅದರ ಗುಣದಿಂದಲ್ಲ, ಕಂಬದಿಂದ. ಸಂದೇಶ ಅದೇ, ಅದರ ಹಿಂದಿನ ಪುರಾವೆ ಮಾತ್ರ ಮಾಯ. ಮೊಟ್ಟೆ ಇಡುವ ದಿನ ಮುಂದಕ್ಕೆ ಬಂದರೆ ಇನ್ನೊಂದು ಅಪಾಯವಿದೆ: ಮರಿಗಳಿಗೆ ಬೇಕಾದ ಕಂಬಳಿಹುಳು ದೀಪ ನೋಡಿ ಬರುವುದಿಲ್ಲ, ಎಲೆ ಚಿಗುರುವ ಹೊತ್ತಿಗೆ ಬರುತ್ತದೆ. ಎರಡರ ಹೊಂದಾಣಿಕೆ ತಪ್ಪಿದರೆ ಮರಿಗಳು ಉಪವಾಸ ಬೀಳುತ್ತವೆ.

ಆದರೆ ಎಲ್ಲಕ್ಕೂ ದೀಪವನ್ನೇ ದೂರಬೇಡಿ ಅನ್ನುವವರೂ ಇದ್ದಾರೆ, ಅವರ ಮಾತಿನಲ್ಲೂ ತೂಕವಿದೆ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ರಾತ್ರಿ ಹಾಡುವ ರಾಬಿನ್ ಹಕ್ಕಿಗಳ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಬಂದಿತು. ರಾತ್ರಿ ಎಷ್ಟು ಬೆಳಕಿದೆ ಅನ್ನೋದಕ್ಕಿಂತ ಹಗಲು ಎಷ್ಟು ಗದ್ದಲವಿದೆ ಅನ್ನೋದು ಅವುಗಳ ರಾತ್ರಿ ಹಾಡನ್ನು ಚೆನ್ನಾಗಿ ವಿವರಿಸಿತು. ಹಗಲು ವಾಹನದ ಸದ್ದಿನಲ್ಲಿ ತಮ್ಮ ದನಿ ಮುಳುಗುವುದರಿಂದ ಹಕ್ಕಿಗಳು ಮೌನದ ಹೊತ್ತಿಗೆ ಸರಿದವು. ವಿಮಾನ ನಿಲ್ದಾಣಗಳ ಹತ್ತಿರವೂ ಹಕ್ಕಿಗಳು ವಿಮಾನಗಳ ಸದ್ದು ಶುರುವಾಗುವ ಮುಂಚೆಯೇ ಹಾಡು ಮುಗಿಸುವಂತೆ ಸಮಯ ಬದಲಿಸಿಕೊಂಡದ್ದು ದಾಖಲಾಗಿದೆ. ಊರುಗಳಲ್ಲಿ ದೀಪ ಇರುವ ಕಡೆಯೇ ಗದ್ದಲವೂ ಇರುತ್ತದೆ, ಹಾಗಾಗಿ ಎರಡನ್ನೂ ಬಿಡಿಸಿ ನೋಡುವುದು ಕಷ್ಟ.

ಬೆಂಗಳೂರಿನ ಕೋಗಿಲೆಗೆ ಇದು ಅನ್ವಯಿಸುತ್ತದಾ?

ಬೇಸಿಗೆಯಲ್ಲಿ ನಾಲ್ಕು ಗಂಟೆಗೇ ಕೋಗಿಲೆ ಕೂಗಿ ನಿದ್ದೆ ಕೆಡಿಸುತ್ತದೆ, ಇದಕ್ಕೆ ಬೀದಿದೀಪವೇ ಕಾರಣ ಅಂತ ಈಗ ಹೇಳುವವರಿದ್ದಾರೆ. ನೇರವಾಗಿ ಹಾಗೆ ಹೇಳಲಾಗದು. ಪೀಸ್ ಮತ್ತು ಗಿಲ್ಬರ್ಟ್ ಬಳಸಿದ ಮೈಕುಗಳು ಬಹುಪಾಲು ಉತ್ತರ ಅಮೆರಿಕ ಮತ್ತು ಯುರೋಪಿನಲ್ಲಿವೆ. ಜೊತೆಗೆ ಕೋಗಿಲೆ ಮಾಮೂಲಿ ಹಕ್ಕಿಯಲ್ಲ. ಗೂಡು ಕಟ್ಟುವುದಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಹೆಣ್ಣು ಪೊಟರೆಯಲ್ಲಿ ಮೊಟ್ಟೆ ಇಡುವಾಗ ಗಂಡು ಹೊರಗೆ ಹಾಡುವ ಗ್ರೇಟ್ ಟಿಟ್ ಲೆಕ್ಕ ಅದಕ್ಕೆ ಹಾಗೇ ಕೂರುವುದಿಲ್ಲ. ಮೇಲಾಗಿ ಮೊಟ್ಟೆಯ ಕಾಲದಲ್ಲಿ ಕೋಗಿಲೆ ಗಂಡು ಕತ್ತಲಲ್ಲೂ ಕೂಗುವ ಸ್ವಭಾವದ್ದೇ. ದೀಪವಿಲ್ಲದ ಹಳ್ಳಿ ತೋಪುಗಳಲ್ಲೂ ಅದು ಬೆಳಕು ಹರಿಯುವ ಮೊದಲೇ ಕೂಗುತ್ತದೆ. ಆದ್ದರಿಂದ ನಾಲ್ಕು ಗಂಟೆಯ ಕೂಗು ಒಂದೇ ಪುರಾವೆಯಾಗದು.

ಪುರಾವೆ ಬೇಕಾದರೆ ಪರೀಕ್ಷೆ ಹೀಗಿರಬೇಕು. ಮೊದಲನೆಯದಾಗಿ ಮಡಿವಾಳದಂಥ, ನಸುಕಿನಲ್ಲಿ ಸ್ಪಷ್ಟವಾಗಿ ಹಾಡು ಶುರು ಮಾಡುವ ಹಕ್ಕಿಯನ್ನು ಆರಿಸಿಕೊಳ್ಳಬೇಕು. ಬೆಳಗುವ ಬೀದಿಯೊಂದು, ಅದೇ ಊರಿನ ಕತ್ತಲಿರುವ ತೋಪೊಂದು, ಎರಡೂ ಕಡೆ ಒಂದೇ ದಿನ ಮೊದಲ ಹಾಡು ಎಷ್ಟು ಹೊತ್ತಿಗೆ ಅಂತ ಬರೆದುಕೊಳ್ಳಬೇಕು. ಗಡಿಯಾರದ ಸಮಯ ಸಾಲದು, ಸೂರ್ಯೋದಯಕ್ಕೆ ಎಷ್ಟು ನಿಮಿಷ ಮುಂಚೆ ಅನ್ನೋದು ಬೇಕು. ಬೆಂಗಳೂರಿನಲ್ಲಿ ಏಪ್ರಿಲ್‌ನಲ್ಲಿ ಸೂರ್ಯ ಹುಟ್ಟುವುದು ಆರು ಗಂಟೆಯ ಆಸುಪಾಸು, ಆದರೆ ತಿಂಗಳ ಮೊದಲಿಗೂ ಕೊನೆಗೂ ಕೆಲವು ನಿಮಿಷಗಳ ವ್ಯತ್ಯಾಸ ಇದ್ದೇ ಇರುತ್ತದೆ. ಮೋಡ ಕವಿದ ದಿನಗಳನ್ನೂ ಹುಣ್ಣಿಮೆಯ ಆಸುಪಾಸಿನ ದಿನಗಳನ್ನೂ ಬೇರೆ ಇಡಬೇಕು. ಗದ್ದಲ ಕಾರಣವೋ ದೀಪ ಕಾರಣವೋ ಅಂತ ಬಿಡಿಸಲು ಮೂರನೇ ಜಾಗವೂ ಬೇಕು: ದೀಪ ಇದ್ದು ವಾಹನ ಓಡಾಡದ, ಬೇಲಿ ಹಾಕಿದ ಕ್ಯಾಂಪಸ್‌ನಂಥ ಜಾಗ. ಅಲ್ಲಿನ ಹಕ್ಕಿಯೂ ಬೆಳಗುವ ಬೀದಿಯ ಹಕ್ಕಿಯಷ್ಟೇ ಬೇಗ ಶುರು ಮಾಡಿದರೆ ಕೈ ತೋರಿಸಬೇಕಾದದ್ದು ದೀಪದ ಕಡೆಗೆ. ಕತ್ತಲಿನ ತೋಪಿನ ಹಕ್ಕಿಯ ಹೊತ್ತಿಗೇ ಶುರು ಮಾಡಿದರೆ ವಾಹನದ ಸದ್ದಿನ ಕಡೆಗೆ.